ಆಷಾಢದ ಗಿವ್‌ಅವೇ: ಅಳತೆ ಪುಸ್ತಕಕ್ಕೆ ಹೊಸ ಹೆಸರು ತರುವ ಬಗೆ

ಮೈಸೂರಿನಲ್ಲಿ ಆಷಾಢ ಬಂತೆಂದರೆ ಶುಕ್ರವಾರಗಳಂದು ಚಾಮುಂಡಿ ಬೆಟ್ಟದಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಬ್ಲೌಸ್ ಹೊಲಿಯುವ ಬೊಟಿಕ್‌ಗಳಲ್ಲಿ ಮಾತ್ರ ಮಿಷನ್ ಸದ್ದು ಕಡಿಮೆಯಾಗುತ್ತದೆ. ಮದುವೆಗಳಿಲ್ಲ, ಗೃಹಪ್ರವೇಶಗಳಿಲ್ಲ. ಅಲ್ಲಿಂದ ಐದಾರು ವಾರ ಕಳೆದರೆ ವರಮಹಾಲಕ್ಷ್ಮಿ, ಅದರ ಬೆನ್ನಿಗೆ ಗೌರಿ ಹಬ್ಬ, ಆಮೇಲೆ ದಸರಾ. ಆಗ "ಇನ್ನೆರಡು ದಿನದಲ್ಲಿ ಬೇಕು" ಎನ್ನುವವರನ್ನು ವಾಪಸ್ ಕಳಿಸಬೇಕಾಗುತ್ತದೆ. ಈ ಖಾಲಿ ತಿಂಗಳಲ್ಲಿ ಗಿವ್‌ಅವೇ ಮಾಡೋಣ ಎಂಬ ಯೋಚನೆ ಸರಿಯಾದದ್ದೇ. ಮಾಡುವ ರೀತಿಯಲ್ಲಿ ಎಡವುವವರೇ ಹೆಚ್ಚು.

ಸಾಮಾನ್ಯವಾಗಿ ನಡೆಯುವುದು ಹೀಗೆ. ಒಂದು ರೇಷ್ಮೆ ಸೀರೆಯ ಫೋಟೋ ಹಾಕಿ "ನಮ್ಮ ಪೇಜ್ ಫಾಲೋ ಮಾಡಿ, ಮೂವರನ್ನು ಟ್ಯಾಗ್ ಮಾಡಿ, ಸೀರೆ ಗೆಲ್ಲಿ" ಎಂದು ಬರೆಯುತ್ತಾರೆ. ವಾರದಲ್ಲಿ ಫಾಲೋವರ್‌ಗಳು ಸಾವಿರಗಟ್ಟಲೆ ಏರುತ್ತಾರೆ. ಫಲಿತಾಂಶ ಹೇಳಿದ ಮಾರನೆಯ ದಿನದಿಂದ ಒಬ್ಬೊಬ್ಬರೇ ಇಳಿಯುತ್ತಾರೆ, ಗೆದ್ದವರು ಬೀದರಿನವರೋ ಚೆನ್ನೈನವರೋ ಆಗಿದ್ದು "ಕೊರಿಯರ್ ಮಾಡ್ತೀರಾ ಮೇಡಂ?" ಎಂದು ಕೇಳುತ್ತಾರೆ. ಅವರನ್ನು ದೂರುವಂತಿಲ್ಲ. ಬಿಟ್ಟಿ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎನ್ನುವುದು ಲೋಕರೂಢಿ. ಯಾರಿಗೆ ಬೇಕಾದರೂ ಆಗುವ ಬಹುಮಾನವಿಟ್ಟು, ಯಾರು ಬೇಕಾದರೂ ಮಾಡಬಹುದಾದ ಕೆಲಸ ಕೇಳಿದ್ದರಿಂದ ಯಾರು ಬೇಕಾದರೂ ಬಂದರು, ಅಷ್ಟೇ.

ಇಲ್ಲಿ ವಿವರಿಸುವುದು ಬ್ಲೌಸ್ ಹೊಲಿಗೆ ಮತ್ತು ಮಗ್ಗಂ ವರ್ಕ್ ಮಾಡುವ ಸಣ್ಣ ಬೊಟಿಕ್‌ಗೆ ಹೊಂದುವ ಗಿವ್‌ಅವೇ. ಕುವೆಂಪುನಗರದಂಥ ಬಡಾವಣೆಯಲ್ಲಿ ಯಜಮಾನಿ, ಇಬ್ಬರು ಟೈಲರ್‌ಗಳು, ಪೀಸ್ ಲೆಕ್ಕದಲ್ಲಿ ಕೆಲಸ ಮಾಡುವ ಒಬ್ಬ ಮಗ್ಗಂ ಕಾರಿಗರ ಇರುವ ಅಂಗಡಿ ಎಂದು ಊಹಿಸಿಕೊಳ್ಳಿ. ರೆಡಿಮೇಡ್ ಕುರ್ತಾ ಮಾತ್ರ ಮಾರುವ ಅಂಗಡಿಗೆ ಇದು ಹೀಗೇ ಹೊಂದುವುದಿಲ್ಲ.

ಏನನ್ನು ಎಣಿಸಬೇಕು

ಮೊದಲು ಹಳೆಯ ಬಿಲ್ ಪುಸ್ತಕ ತೆಗೆದು ಹೋದ ಶ್ರಾವಣದಿಂದ ದೀಪಾವಳಿಯವರೆಗಿನ ಹಾಳೆಗಳನ್ನು ತಿರುವಿ. ಎರಡು ಸಲಕ್ಕಿಂತ ಹೆಚ್ಚು ಬಂದವರ ಹೆಸರಿಗೆ ಗುರುತು ಹಾಕಿ. ಅವರಲ್ಲಿ ಹೆಚ್ಚಿನವರ ಅಳತೆ ನಿಮ್ಮ ಪುಸ್ತಕದಲ್ಲಿ ಇದ್ದೇ ಇರುತ್ತದೆ. ಬ್ಲೌಸ್ ಒಮ್ಮೆ ಮೈಗೆ ಸರಿಯಾಗಿ ಕೂತರೆ ಹೆಂಗಸರು ಸುಲಭಕ್ಕೆ ಟೈಲರ್ ಬದಲಿಸುವುದಿಲ್ಲ, ಮನೆ ಬದಲಿಸಿದರೂ ಆಟೋ ಹಿಡಿದು ಹಳೆಯವರ ಹತ್ತಿರವೇ ಬರುತ್ತಾರೆ. ಆದ್ದರಿಂದ ಗಿವ್‌ಅವೇಯ ಗುರಿ ಫಾಲೋವರ್ ಸಂಖ್ಯೆಯೂ ಅಲ್ಲ, ಲೈಕೂ ಅಲ್ಲ. ಅಳತೆ ಪುಸ್ತಕದಲ್ಲಿ ಎಷ್ಟು ಹೊಸ ಪುಟಗಳು ತುಂಬಿದವು, ಅವರಲ್ಲಿ ಎಷ್ಟು ಜನ ಹಬ್ಬದೊಳಗೆ ದುಡ್ಡು ಕೊಟ್ಟು ಹೊಲಿಸಿದರು, ಇವೆರಡನ್ನೇ ಎಣಿಸಿ. ಮುಂದಿನ ತೀರ್ಮಾನಗಳೆಲ್ಲ ಇದರಿಂದಲೇ ಹುಟ್ಟುತ್ತವೆ.

ಬಹುಮಾನ

ಯಾವ ವಸ್ತುವನ್ನು ಯೋಚಿಸಿದರೂ ಒಂದು ಪ್ರಶ್ನೆ ಹಾಕಿ ನೋಡಿ: ಗೆದ್ದವರು ಇದನ್ನು ಬೇರೆಯವರಿಗೆ ಕೊಡಬಹುದೆ, ಮಾರಬಹುದೆ? ಹೌದು ಎಂದಾದರೆ ಅದು ಬೇಡ. ಮೊಬೈಲು, ಬೆಳ್ಳಿ ದೀಪ, ಗಿಫ್ಟ್ ವೋಚರ್ ಎಲ್ಲ ಇಲ್ಲಿಗೇ ಬಿದ್ದುಹೋಗುತ್ತವೆ. ಸೀರೆಯೂ ಅಷ್ಟೇ. ಅದರಲ್ಲೂ ಕೆಎಸ್‌ಐಸಿಯ ಮೈಸೂರು ಸಿಲ್ಕ್ ಇಡಬೇಕೆಂಬ ಆಸೆ ಇಲ್ಲಿನವರಿಗೆ ಸಹಜ. ಆದರೆ 1912ರಿಂದ ಹೆಸರು ಮಾಡಿರುವ ಕಾರ್ಖಾನೆಯ ಸೀರೆಯನ್ನು ನೀವು ಕೊಟ್ಟರೆ ಜನ ನೆನಪಿಟ್ಟುಕೊಳ್ಳುವುದು ಆ ಸೀರೆಯನ್ನು, ನಿಮ್ಮ ಹೊಲಿಗೆಯನ್ನಲ್ಲ. ಅದು ರಾಜ್ಯದ ಯಾವ ಮೂಲೆಯವರಿಗೂ ಬೇಕು, ನಿಮ್ಮ ಅಂಗಡಿಗೆ ಬಂದು ಹೋಗಬಲ್ಲವರಿಗೆ ಮಾತ್ರವಲ್ಲ.

ಸರಿಯಾದ ಬಹುಮಾನ ಹೀಗಿರಲಿ: ಗೆದ್ದವರು ತಮ್ಮದೇ ರೇಷ್ಮೆ ಸೀರೆಯ ಬ್ಲೌಸ್ ಪೀಸ್ ತರಬೇಕು, ಅದಕ್ಕೆ ಕುತ್ತಿಗೆ ಮತ್ತು ತೋಳಿಗೆ ಮಗ್ಗಂ ವರ್ಕ್ ಮಾಡಿ, ಲೈನಿಂಗ್ ಹಾಕಿ, ಅವರ ಅಳತೆಗೆ ಹೊಲಿದು, ಒಂದು ಟ್ರಯಲ್ ನೋಡಿ ಕೊಡುವುದು. ಇದು ಒಬ್ಬರ ಮೈಗೆ ಮಾತ್ರ ಆಗುವ ವಸ್ತು. ಸೀರೆ ಉಡದವರಿಗೆ ಬೇಡ, ದೂರದವರಿಗೆ ಎರಡು ಸಲ ಬಂದುಹೋಗುವುದು ಆಗದ ಮಾತು, ಮಾರುವ ಪ್ರಶ್ನೆಯೇ ಇಲ್ಲ. ಇದಕ್ಕಾಗಿ ಆಸೆಪಡುವವರು ಯಾರೋ ಅವರೇ ನಿಮ್ಮ ಗಿರಾಕಿಗಳು.

ಒಂದು ದೊಡ್ಡದಕ್ಕಿಂತ ಮೂರು ಬಹುಮಾನ ಇಡಿ. ಎರಡು ಹೊಸಬರಿಗೆ, ಒಂದು ಹಳಬರಿಗೆ. ಹಳಬರನ್ನು ಹೊರಗಿಟ್ಟರೆ "ಇಷ್ಟು ವರ್ಷದಿಂದ ಬರ್ತಿದ್ದೀವಿ, ನಮಗೇನಿಲ್ವಾ?" ಎಂಬ ಮಾತು ಬರುತ್ತದೆ, ಬರಬೇಕಾದದ್ದೇ.

ಬಹುಮಾನದ ಗಡಿಯನ್ನು ಮೊದಲೇ ಬರೆದಿಡಿ. "ಮಗ್ಗಂ ವರ್ಕ್ ಉಚಿತ" ಎಂದಷ್ಟೇ ಹೇಳಿದರೆ ಗೆದ್ದವರು ಮದುಮಗಳ ಬ್ಲೌಸಿನ ಡಿಸೈನ್ ತೋರಿಸಿ ಬೆನ್ನು ತುಂಬ ನವಿಲು ಕೇಳುತ್ತಾರೆ. ಮೂರು ಡಿಸೈನ್‌ಗಳ ಫೋಟೋ ಹಾಕಿ, ಅವುಗಳಲ್ಲಿ ಒಂದನ್ನು ಆರಿಸಬೇಕೆಂದು ಹೇಳಿ, ಹೆಚ್ಚಿನ ಕೆಲಸ ಬೇಕಾದರೆ ದರ ಎಷ್ಟೆಂಬುದನ್ನು ಪಕ್ಕದಲ್ಲೇ ಬರೆಯಿರಿ. ಬಟ್ಟೆಯ ವಿಷಯವನ್ನೂ ಸೇರಿಸಿ. ಸೀರೆಯೊಂದಿಗೆ ಬರುವ ಬ್ಲೌಸ್ ಪೀಸ್ ಸಾಮಾನ್ಯವಾಗಿ 80 ಸೆಂಟಿಮೀಟರಿನಷ್ಟಿರುತ್ತದೆ. ಉದ್ದ ತೋಳು ಬೇಕೆಂದರೆ, ಅಥವಾ ಅಳತೆ ದೊಡ್ಡದಿದ್ದರೆ, ಸಾಲದೆ ಹೋಗಬಹುದು. ಅಜ್ಜಿಯ ಕಾಲದ ಹಳೆಯ ರೇಷ್ಮೆಯನ್ನು ಕಾರ್ಚೌಕಿಗೆ ಬಿಗಿದು ಆರಿ ಸೂಜಿ ಹಾಕಿದರೆ ನೂಲು ಕತ್ತರಿಸಿ ಸೀಳುತ್ತದೆ. ಇದನ್ನು ಪೀಸ್ ಕೈಗೆ ತೆಗೆದುಕೊಳ್ಳುವಾಗಲೇ ನೋಡಿ, ಗೆದ್ದ ಮೇಲೆ ಅಲ್ಲ.

ಪ್ರವೇಶ: ಮೂರು ಪ್ರಶ್ನೆ, ಒಂದು ಭೇಟಿ

ಬಿಟ್ಟಿ ಬೇಟೆಗಾರರು ಒಂದು ದಿನಕ್ಕೆ ಐವತ್ತು ಕಡೆ ಹೆಸರು ಹಾಕುತ್ತಾರೆ. ಒಂದೊಂದಕ್ಕೆ ಅರ್ಧ ನಿಮಿಷ ಸಾಕಾದರೆ ಮಾತ್ರ ಅದು ಅವರಿಗೆ ಗಿಟ್ಟುತ್ತದೆ. ಹತ್ತು ನಿಮಿಷ ಯೋಚಿಸಿ ಬರೆಯಬೇಕಾದಲ್ಲಿ, ಮನೆಯಿಂದ ಎದ್ದು ಬರಬೇಕಾದಲ್ಲಿ ಅವರು ತಾವಾಗಿಯೇ ಬಿಟ್ಟುಹೋಗುತ್ತಾರೆ. ನಿಜವಾದ ಗಿರಾಕಿಗೆ ಇದೇ ಕೆಲಸ ಹೊರೆ ಅನಿಸುವುದಿಲ್ಲ, ಹೇಗೂ ಹಬ್ಬಕ್ಕೆ ಮಾಡಲೇಬೇಕಿತ್ತಲ್ಲ.

ಮೊದಲ ಹಂತ ವಾಟ್ಸಾಪ್ ಸಂದೇಶ. ಸೀರೆಯ ಒಂದು ಫೋಟೋ ಮತ್ತು ಮೂರು ಪ್ರಶ್ನೆಗೆ ಉತ್ತರ ಕೇಳಿ.

ಒಂದು, ಈ ಸೀರೆಯನ್ನು ಯಾವ ಸಂದರ್ಭಕ್ಕೆ, ಯಾವ ದಿನ ಉಡಬೇಕೆಂದಿದ್ದೀರಿ?
ಎರಡು, ನಿಮ್ಮ ಮನೆ ಯಾವ ಬಡಾವಣೆಯಲ್ಲಿ?
ಮೂರು, ಈಗಿರುವ ಬ್ಲೌಸ್‌ಗಳಲ್ಲಿ ನಿಮಗೆ ಸರಿಹೋಗದೆ ಇರುವುದು ಏನು?

ಮೂರನೆಯದೇ ಇಲ್ಲಿ ಮುಖ್ಯ. ಸುಮ್ಮನೆ ಹೆಸರು ಹಾಕುವವರು "ಏನೂ ಇಲ್ಲ ಮೇಡಂ, ನಿಮ್ಮ ಕಲೆಕ್ಷನ್ ಸೂಪರ್" ಎಂದು ಬರೆಯುತ್ತಾರೆ. ಬ್ಲೌಸ್ ಹೊಲಿಸಿ ಹೊಲಿಸಿ ಬೇಸತ್ತವರು ಬರೆಯುವುದೇ ಬೇರೆ: "ಕೈ ಮೇಲೆತ್ತಿದ್ರೆ ಇಡೀ ಬ್ಲೌಸ್ ಮೇಲಕ್ಕೆ ಏರುತ್ತೆ, ಆರತಿ ಎತ್ತೋಕೂ ಮುಜುಗರ." ಈ ಒಂದು ಸಾಲು ಓದಿದ ಟೈಲರ್‌ಗೆ ಕಾರಣ ತಕ್ಷಣ ಹೊಳೆಯುತ್ತದೆ. ಕಂಕುಳ ಸುತ್ತನ್ನು ಬೇಕಾದ್ದಕ್ಕಿಂತ ಕೆಳಗೆ ಇಳಿಸಿ ಕತ್ತರಿಸಿದಾಗ ತೋಳಿನ ಜೊತೆ ಎದೆಯ ಭಾಗವೂ ಎಳೆಸಿಕೊಂಡು ಮೇಲೆ ಬರುತ್ತದೆ. ಹಾಗೆಯೇ "ಭುಜ ಜಾರುತ್ತೆ" ಎಂದರೆ ಹಿಂಬದಿ ಕುತ್ತಿಗೆ ಅಗಲವಾಗಿದ್ದು ಭುಜದ ಅಳತೆ ತಪ್ಪಿರುವ ಸಾಧ್ಯತೆ ಹೆಚ್ಚು. ಇಂಥ ಉತ್ತರ ಬರೆದವರು ಬಹುಮಾನ ಗೆಲ್ಲಲಿ, ಬಿಡಲಿ, ಅವರಿಗೆ ಒಳ್ಳೆಯ ಟೈಲರ್ ಬೇಕಾಗಿದ್ದಾರೆ. ನೀವು ಹುಡುಕುತ್ತಿದ್ದದ್ದು ಅವರನ್ನೇ.

ಎರಡನೆಯ ಹಂತ ಅಂಗಡಿ ಭೇಟಿ. ಉತ್ತರ ಸರಿಯಾಗಿ ಬಂದವರಿಗೆಲ್ಲ ಸಮಯ ಕೊಡಿ. ಬ್ಲೌಸ್ ಪೀಸನ್ನೂ, ಇದ್ದುದರಲ್ಲಿ ಸರಿಯಾಗಿ ಕೂರುವ ಒಂದು ಅಳತೆ ಬ್ಲೌಸನ್ನೂ ತರಲು ಹೇಳಿ. ಅಳತೆ ತೆಗೆಯುವುದು ಹೆಂಗಸರೇ ಎಂಬುದನ್ನು ಸಂದೇಶದಲ್ಲಿ ಬರೆಯಿರಿ. ಇದು ಸಣ್ಣ ವಿಷಯದಂತೆ ಕಾಣುತ್ತದೆ, ಆದರೆ ಬರಬೇಕೋ ಬೇಡವೋ ಎಂದು ಹಿಂಜರಿಯುವವರು ಅದನ್ನು ನೋಡಿಯೇ ಹೊರಡುತ್ತಾರೆ. ಅಳತೆ ಬ್ಲೌಸನ್ನು ಮೇಜಿನ ಮೇಲೆ ಹರಡಿ ಅಳೆದು ಕಳಿಸಬೇಡಿ. ಮೈಮೇಲೆ ಟೇಪು ಹಿಡಿದು ಎದೆ, ಸೊಂಟ, ಭುಜ, ಕಂಕುಳ ಸುತ್ತು, ತೋಳಿನ ಉದ್ದ ಮತ್ತು ಸುತ್ತು, ಮುಂದಿನ-ಹಿಂದಿನ ಕುತ್ತಿಗೆಯ ಆಳ, ಡಾರ್ಟ್ ಬರಬೇಕಾದ ಜಾಗ ಎಲ್ಲ ಬರೆದುಕೊಳ್ಳಿ. ಅವರು ಹೇಳಿದ ದೋಷ ಎಲ್ಲಿಂದ ಬಂದಿದೆ ಎಂಬುದನ್ನು ಅವರದೇ ಬ್ಲೌಸಿನ ಮೇಲೆ ಬೆರಳಿಟ್ಟು ತೋರಿಸಿ. ಈ ಇಪ್ಪತ್ತು ನಿಮಿಷವೇ ನಿಮ್ಮ ಜಾಹೀರಾತು. ಬಂದವರಿಗೆ "ಇದನ್ನೂ ತಗೊಳ್ಳಿ, ಅದನ್ನೂ ನೋಡಿ" ಎಂದು ಬಟ್ಟೆ ತೆರೆದು ಹರಡಿದರೆ ಆ ಇಪ್ಪತ್ತು ನಿಮಿಷ ಹಾಳಾಯಿತೆಂದೇ ಲೆಕ್ಕ.

ಎಷ್ಟು ಜನರಿಗೆ ಸಮಯ ಕೊಡಬೇಕೆಂಬುದನ್ನು ನಿಮ್ಮ ಕೈ ಎಷ್ಟು ಎಂಬುದು ತೀರ್ಮಾನಿಸುತ್ತದೆ. ದಿನಕ್ಕೆ 4, ಹನ್ನೆರಡು ಕೆಲಸದ ದಿನಕ್ಕೆ 48. ಇದನ್ನು ಮೀರಿದರೆ ಜನ ಸ್ಟೂಲಿನ ಮೇಲೆ ಕಾಯುತ್ತಾರೆ, ಅಳತೆ ಅವಸರದಲ್ಲಿ ತಪ್ಪುತ್ತದೆ. "48 ಜನರಿಗೆ ಮಾತ್ರ" ಎಂದು ಮೊದಲೇ ಹೇಳಿ, ತುಂಬಿದ ದಿನ ಮುಚ್ಚಿಬಿಡಿ.

ಯಾವಾಗ, ಎಲ್ಲಿ ಹೇಳಬೇಕು

ವರಮಹಾಲಕ್ಷ್ಮಿ ಬರುವುದು ಶ್ರಾವಣ ಹುಣ್ಣಿಮೆಗೆ ಮುಂಚಿನ ಶುಕ್ರವಾರ. ಅಂದರೆ ಭೀಮನ ಅಮಾವಾಸ್ಯೆ ಕಳೆದು ಒಂದರಿಂದ ಎರಡು ವಾರದೊಳಗೆ. ಅಲ್ಲಿಂದ ಹಿಂದಕ್ಕೆ ಎಣಿಸಿ. ಆಷಾಢದ ಮೊದಲ ವಾರ ಹಳೆಯ ಗಿರಾಕಿಗಳಿಗೆ ಹೇಳುವುದು, ಎರಡು ಮತ್ತು ಮೂರನೆಯ ವಾರ ಸಂದೇಶ ಮತ್ತು ಅಳತೆ, ನಾಲ್ಕನೆಯ ವಾರದ ಆರಂಭದಲ್ಲೇ ಫಲಿತಾಂಶ. ಮಗ್ಗಂ ಕೆಲಸ, ಹೊಲಿಗೆ, ಟ್ರಯಲ್, ಟ್ರಯಲ್‌ನಲ್ಲಿ ಕಂಡ ತಪ್ಪಿನ ರಿಪೇರಿ ಸೇರಿ ಹತ್ತು ದಿನ ಬೇಕು. ಶ್ರಾವಣ ಹುಟ್ಟಿದ ಮೇಲೆ ಫಲಿತಾಂಶ ಹೇಳಿದರೆ ಬಹುಮಾನದ ಬ್ಲೌಸೂ ದುಡ್ಡಿನ ಬ್ಲೌಸೂ ಒಂದೇ ಮಿಷನ್ನಿಗೆ ಜಗಳವಾಡುತ್ತವೆ, ಸೋಲುವುದು ಯಾವಾಗಲೂ ಬಹುಮಾನದ್ದು. ಹಬ್ಬಕ್ಕೆ ಸಿಗದ ಬಹುಮಾನ ಕೊಟ್ಟೂ ಕೊಡದ ಹಾಗೆ.

ಹೇಳುವ ಜಾಗ ಮೂರು ಸಾಕು. ಹಳೆಯ ಗಿರಾಕಿಗಳಿಗೆ ವಾಟ್ಸಾಪ್, ಜೊತೆಗೆ ಅವರ ಹೊಸ ಬ್ಲೌಸಿನ ಕವರಿನಲ್ಲಿ ಎರಡು ಕಾರ್ಡು. ಒಂದು ಅವರಿಗೆ, ಇನ್ನೊಂದು ಅಕ್ಕನಿಗೋ ಪಕ್ಕದ ಮನೆಯವರಿಗೋ. ಎರಡನೆಯದು, ಸೀರೆ ಮಾರುವ ಆದರೆ ಹೊಲಿಗೆ ಇಟ್ಟುಕೊಳ್ಳದ ಅಂಗಡಿಗಳು ಮತ್ತು ಬ್ರೈಡಲ್ ಮೇಕಪ್ ಮಾಡುವವರು. ಸೀರೆ ಕೊಂಡು ಹೊರಬರುವವರ ಮುಂದಿನ ಪ್ರಶ್ನೆಯೇ ಬ್ಲೌಸಿನದು, ಆ ಹೊತ್ತಿಗೆ ಕಾರ್ಡು ಅವರ ಕೈಯಲ್ಲಿರಲಿ. ಮೂರನೆಯದು, ಇನ್‌ಸ್ಟಾಗ್ರಾಮ್‌ನಲ್ಲಿ ಅಂಗಡಿಯ ಸುತ್ತ ಏಳೆಂಟು ಕಿಲೋಮೀಟರಿಗೆ ಮಿತಿಗೊಳಿಸಿದ ಜಾಹೀರಾತು.

ಪೋಸ್ಟಿನ ಮೊದಲ ಸಾಲಿನಲ್ಲಿ "ಉಚಿತ" ಬೇಡ, `#giveaway` ಬೇಡವೇ ಬೇಡ. ಬಿಟ್ಟಿ ಬೇಟೆಗಾರರು ಹುಡುಕುವುದೇ ಆ ಪದಗಳಿಂದ. ಸಮಸ್ಯೆಯಿಂದ ಶುರು ಮಾಡಿ:

"ಕೈ ಎತ್ತಿದರೆ ಬ್ಲೌಸ್ ಮೇಲೇರುತ್ತದೆಯೆ? ಭುಜ ಜಾರುತ್ತದೆಯೆ? ಈ ಆಷಾಢದಲ್ಲಿ 48 ಜನರ ಬ್ಲೌಸ್ ದೋಷ ನೋಡಿ ಅಳತೆ ಬರೆದುಕೊಡುತ್ತಿದ್ದೇವೆ. ಅವರಲ್ಲಿ ಮೂವರಿಗೆ ವರಮಹಾಲಕ್ಷ್ಮಿಗೆ ಮಗ್ಗಂ ವರ್ಕ್ ಬ್ಲೌಸ್ ನಮ್ಮ ಕಡೆಯಿಂದ. ಪೀಸ್ ನಿಮ್ಮದು, ಕೆಲಸ ನಮ್ಮದು. ಕುವೆಂಪುನಗರದ ಅಂಗಡಿಗೆ ಎರಡು ಸಲ ಬರಬೇಕು. ಕೊರಿಯರ್ ಇಲ್ಲ."

ಕೊನೆಯ ಎರಡು ವಾಕ್ಯ ಒರಟು ಎನಿಸಬಹುದು. ಇರಲಿ. ಜರಡಿ ಹಿಡಿಯುವುದು ಅವೇ.

ಸಾಮಾಜಿಕ ಜಾಲತಾಣದ ನಿಯಮಗಳನ್ನೂ ಮರೆಯುವಂತಿಲ್ಲ. ಫೋಟೋದಲ್ಲಿ ಇಲ್ಲದವರನ್ನು ಟ್ಯಾಗ್ ಮಾಡಿ ಎಂದು ಕೇಳುವುದನ್ನು ಇನ್‌ಸ್ಟಾಗ್ರಾಮ್ ಒಪ್ಪುವುದಿಲ್ಲ. ಈ ಕಾರ್ಯಕ್ರಮಕ್ಕೂ ತನಗೂ ಸಂಬಂಧವಿಲ್ಲ ಎಂಬ ಒಂದು ಸಾಲನ್ನು ಬರೆಯಲು ಅದು ಕೇಳುತ್ತದೆ. ನಿಮ್ಮ ಟೈಮ್‌ಲೈನಿನಲ್ಲಿ ಶೇರ್ ಮಾಡಿದರೆ ಪ್ರವೇಶ ಎನ್ನುವುದಕ್ಕೆ ಫೇಸ್‌ಬುಕ್‌ನಲ್ಲಿ ಅವಕಾಶವಿಲ್ಲ.

ಆಯ್ಕೆ ಮತ್ತು ಕಾನೂನು

ಚೀಟಿ ಎತ್ತುವುದು ಸುಲಭ ಎನಿಸುತ್ತದೆ. ಆದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿಯನ್ನು ವಿವರಿಸುವಾಗ, ಮಾರಾಟ ಹೆಚ್ಚಿಸಲು ನಡೆಸುವ ಸ್ಪರ್ಧೆ, ಲಾಟರಿ, ಅದೃಷ್ಟದ ಅಥವಾ ಕೌಶಲದ ಆಟಗಳನ್ನೂ ಹೆಸರಿಸುತ್ತದೆ. ಉಡುಗೊರೆ ಯೋಜನೆಯ ಅಂತಿಮ ಫಲಿತಾಂಶವನ್ನು ಭಾಗವಹಿಸಿದವರಿಂದ ಮುಚ್ಚಿಡುವುದೂ ಅದರಲ್ಲಿ ಸೇರಿದೆ. ಆದ್ದರಿಂದ "1,000 ರೂಪಾಯಿ ಬಿಲ್ಲಿಗೆ ಒಂದು ಕೂಪನ್" ಎಂಬ ಲಕ್ಕಿ ಡ್ರಾ ಕಡೆ ಹೋಗಬೇಡಿ, ಪ್ರವೇಶಕ್ಕೆ ಖರೀದಿಯನ್ನೂ ಶುಲ್ಕವನ್ನೂ ಕೇಳಬೇಡಿ, ನಿಯಮಗಳ ಒಂದು ಪುಟವನ್ನು ಬರೆದು ವಕೀಲರಿಗೆ ತೋರಿಸಿ. ಅವರು ಮೂರು ಬಹುಮಾನದ ಆಯ್ಕೆಯೇ ಬೇಡವೆಂದರೆ ಅದನ್ನು ಬಿಟ್ಟು, ಬಂದ ಎಲ್ಲರಿಗೂ ಒಂದೇ ಸಮನಾದ ಸಣ್ಣ ಉಡುಗೊರೆ ಕೊಡಿ. ಜನ ಸ್ವಲ್ಪ ಕಡಿಮೆ ಬಂದಾರು, ಅಳತೆಯ ಲಾಭ ಹಾಗೇ ಉಳಿಯುತ್ತದೆ.

ಆಯ್ಕೆ ಇಟ್ಟುಕೊಂಡರೆ ಮಾನದಂಡವನ್ನು ಮೊದಲೇ ಪ್ರಕಟಿಸಿ: ದೋಷವನ್ನು ಎಷ್ಟು ಸ್ಪಷ್ಟವಾಗಿ ಹೇಳಿದ್ದಾರೆ, ಪೀಸು ಮಗ್ಗಂ ಕೆಲಸ ತಡೆಯುತ್ತದೆಯೆ, ಉಡುವ ದಿನ ಹಬ್ಬದ ಅವಧಿಯೊಳಗಿದೆಯೆ. ಉತ್ತರಗಳಿಗೆ ಹೆಸರಿನ ಬದಲು ನಂಬರ್ ಹಾಕಿ, ಅಂಗಡಿಗೆ ಸಂಬಂಧವಿಲ್ಲದ ಇಬ್ಬರ ಕೈಗೆ ಕೊಡಿ. ಮೈಸೂರಿನ ಬಡಾವಣೆಗಳಲ್ಲಿ ಯಾರು ಯಾರ ನಾದಿನಿ ಎಂಬುದು ಎಲ್ಲರಿಗೂ ಗೊತ್ತು. ಮನೆಯವರಿಗೆ, ಕೆಲಸದವರ ಸಂಬಂಧಿಕರಿಗೆ ಪ್ರವೇಶವಿಲ್ಲ ಎಂದು ನಿಯಮದಲ್ಲೇ ಬರೆಯಿರಿ. ಫಲಿತಾಂಶವನ್ನು ಅಂಗಡಿಯ ಬೋರ್ಡಿನಲ್ಲೂ ಹಾಕಿ, ಭಾಗವಹಿಸಿದ ಪ್ರತಿಯೊಬ್ಬರಿಗೂ ಕಳಿಸಿ.

ಫೋನ್ ನಂಬರು, ಅಳತೆ, ಫೋಟೋ ಇವು ಅವರ ಖಾಸಗಿ ಮಾಹಿತಿ. ಹಬ್ಬದ ಸಂದೇಶ ಕಳಿಸಬಹುದೆ ಎಂದು ಒಂದು ಕಡೆ, ಬ್ಲೌಸ್ ತೊಟ್ಟ ಫೋಟೋ ಹಾಕಬಹುದೆ ಎಂದು ಇನ್ನೊಂದು ಕಡೆ, ಬೇರೆ ಬೇರೆಯಾಗಿ ಸಹಿ ತೆಗೆದುಕೊಳ್ಳಿ. ಫೋಟೋಕ್ಕೆ ಒಪ್ಪದವರಿಗೂ ಬಹುಮಾನ ಸಿಗಬೇಕು.

ಗೆಲ್ಲದವರು

ಮೂವರು ಗೆದ್ದರು. ಉಳಿದ ನಲವತ್ತು ಚಿಲ್ಲರೆ ಜನಕ್ಕಾಗಿಯೇ ಇಷ್ಟೆಲ್ಲ ಮಾಡಿದ್ದು. ಫಲಿತಾಂಶ ಬಂದ ಎರಡು ದಿನದೊಳಗೆ ಒಬ್ಬೊಬ್ಬರಿಗೂ ಪ್ರತ್ಯೇಕ ಸಂದೇಶ ಹೋಗಬೇಕು, ಅದರಲ್ಲಿ ಅವರು ಹೇಳಿದ ದೋಷದ ಉಲ್ಲೇಖ ಇರಬೇಕು: "ನಿಮ್ಮ ಕಂಕುಳ ಸುತ್ತಿನ ಅಳತೆ ನಮ್ಮಲ್ಲಿದೆ. ಅಮಾವಾಸ್ಯೆಯೊಳಗೆ ಪೀಸ್ ಕೊಟ್ಟರೆ ಹಬ್ಬಕ್ಕೆ ಖಂಡಿತ ಸಿಗುತ್ತದೆ, ಆ ಸೀರೆಗೆ ಕುಚ್ಚು ನಮ್ಮ ಕಡೆಯಿಂದ." ಹೊಲಿಗೆ ದರದಲ್ಲಿ ರಿಯಾಯಿತಿ ಕೊಡಬೇಡಿ. ಒಮ್ಮೆ ದರ ಇಳಿಸಿದರೆ ಮುಂದಿನ ಸಲವೂ ಅದೇ ದರ ಕೇಳುತ್ತಾರೆ. ಕುಚ್ಚು ಕಣ್ಣಿಗೆ ಕಾಣುತ್ತದೆ, ಖರ್ಚು ಕಡಿಮೆ, ಸೀರೆ ಇದ್ದವರಿಗೆ ಮಾತ್ರ ಉಪಯೋಗ.

ಲೆಕ್ಕ

ಇವು ಉದಾಹರಣೆಗೆ ಇಟ್ಟುಕೊಂಡ ಅಂಕಿಗಳು, ನಿಮ್ಮ ಅಂಗಡಿಯವನ್ನು ಹಾಕಿ ನೋಡಿ. ಒಂದು ಬಹುಮಾನದ ಬ್ಲೌಸಿಗೆ ಮಗ್ಗಂ ಕೂಲಿ 1,500, ಹೊಲಿಗೆ ಕೂಲಿ 350, ಲೈನಿಂಗ್, ಮಣಿ, ದಾರ 250. ಒಟ್ಟು 2,100, ಮೂರಕ್ಕೆ 6,300. ಜಾಹೀರಾತು 2,000, ಕಾರ್ಡು 500. ಅಲ್ಲಿಗೆ 8,800.

ಅಳತೆಗೆ 45 ಜನ ಬಂದರು, ಅದರಲ್ಲಿ 33 ಹೊಸಬರು ಎಂದಿಟ್ಟುಕೊಳ್ಳಿ. ಗೆದ್ದ ಇಬ್ಬರನ್ನು ಬಿಟ್ಟರೆ 31. ಅವರಲ್ಲಿ 14 ಜನ ಪೀಸ್ ಕೊಟ್ಟರು, ಹಳಬರಲ್ಲಿ 6 ಜನ. ಇಪ್ಪತ್ತು ಕುಚ್ಚಿಗೆ ತಲಾ 150ರಂತೆ 3,000. ಒಟ್ಟು ಖರ್ಚು 11,800. ಹಳಬರು ಹೇಗೂ ಬರುತ್ತಿದ್ದರು ಎಂದು ಅವರನ್ನು ಲೆಕ್ಕದಿಂದ ಹೊರಗಿಟ್ಟರೆ ಒಬ್ಬ ಹೊಸ ಗಿರಾಕಿಗೆ ಬಿದ್ದ ಖರ್ಚು ಸುಮಾರು 843. ಒಂದು ಲೈನಿಂಗ್ ಬ್ಲೌಸಿನಲ್ಲಿ 300 ಉಳಿಯುವುದಾದರೆ, ಮೊದಲ ಸಲ ಎರಡು ಬ್ಲೌಸ್ ಕೊಟ್ಟವರಿಂದ 600. ಕಡಿಮೆ ಬಿದ್ದ 243 ಅವರ ಮೂರನೆಯ ಬ್ಲೌಸಿನಲ್ಲಿ ಹುಟ್ಟುತ್ತದೆ. ಅದೇ 14ರ ಬದಲು 7 ಜನ ಮಾತ್ರ ಬಂದರೆ ತಲಾ ಖರ್ಚು ಸುಮಾರು 1,536ಕ್ಕೆ ಏರಿ, ಐದು ಬ್ಲೌಸ್ ಹೊಲಿದರೂ ಪೂರ್ತಿ ವಾಪಸ್ ಬರುವುದಿಲ್ಲ.

ಅಷ್ಟು ಕಡಿಮೆ ಬಂದರೆ ತಪ್ಪು ಎಲ್ಲಾಯಿತೆಂದು ಪುಸ್ತಕವೇ ಹೇಳುತ್ತದೆ. ಸಂದೇಶ ಬಹಳ, ಭೇಟಿ ಕಡಿಮೆ ಎಂದಾದರೆ ಪೋಸ್ಟು ತಪ್ಪು ಜನರನ್ನು ಮುಟ್ಟಿದೆ. ಎರಡನೆಯ ಪ್ರಶ್ನೆಯ ಉತ್ತರದಲ್ಲಿ ದೂರದ ಊರುಗಳು, ಒಂದೇ ರಾತ್ರಿ ಒಂದೇ ಮಾತಿನ ಹತ್ತಾರು ಸಂದೇಶ ಕಂಡರೆ ಯಾವುದೋ ಗಿವ್‌ಅವೇ ಗುಂಪಿಗೆ ನಿಮ್ಮ ಪೋಸ್ಟು ಸೇರಿದೆ, ಅಂದೇ ಜಾಹೀರಾತು ನಿಲ್ಲಿಸಿ. ಭೇಟಿ ಚೆನ್ನಾಗಿದ್ದೂ ಆರ್ಡರ್ ಬರದಿದ್ದರೆ ಕಾರಣ ಅಂಗಡಿಯೊಳಗಿದೆ: ಅಳತೆ ತೆಗೆದವರು ದೋಷವನ್ನು ವಿವರಿಸಲಿಲ್ಲ, ಅಥವಾ ದರ ಕೇಳಿದಾಗ "ಆಮೇಲೆ ಹೇಳ್ತೀವಿ" ಎಂದರು. ಆರ್ಡರ್ ಬಂದು ದೀಪಾವಳಿಗೆ ಅವರೇ ಮತ್ತೆ ಕಾಣದಿದ್ದರೆ, ಅವರ ಪುಟ ತೆರೆದು ಮೂರನೆಯ ಪ್ರಶ್ನೆಗೆ ಅವರು ಬರೆದ ಉತ್ತರವನ್ನು ಮತ್ತೊಮ್ಮೆ ಓದಿ, ಹೊಲಿದ ಬ್ಲೌಸಿನಲ್ಲಿ ಆ ದೋಷ ಹೋಗಿತ್ತೆ ಎಂದು ಫೋನ್ ಮಾಡಿ ಕೇಳಿ.